ಬಾಣಂತಿ ತಪಾಸಣಾ ಶಾಸ್ತ್ರ: ಹೊಸಬರಿಗೆ ಕೆಲವು ಸೂಚನೆಗಳು

ಹೆರಿಗೆಯಾದ ಮನೆಗೆ ಹೋಗಿ, ಮಗುವನ್ನು ನೋಡಿ, ಬಾಣಂತಿಯನ್ನು ಎರಡು ಮಾತಾಡಿಸಿ, ಒಂದೇ ಒಂದು ತಪ್ಪನ್ನೂ ಹುಡುಕದೆ ವಾಪಸು ಬರುವ ಚಾಳಿಯೊಂದು ಈಚೆಗೆ ನಮ್ಮ ಬಂಧುವರ್ಗದಲ್ಲಿ ಹಬ್ಬುತ್ತಿದೆ. ಹೋಗುವ ಮುಂಚೆ ಫೋನು ಮಾಡಿ ‘ಯಾವಾಗ ಬಂದ್ರೆ ನಿಮಗೆ ಅನುಕೂಲ?’ ಎಂದು ಕೇಳುವವರೂ ಇದ್ದಾರಂತೆ. ಇದು ಹೀಗೇ ಮುಂದುವರಿದರೆ, ಇನ್ನೊಂದು ತಲೆಮಾರಿನ ಹೊತ್ತಿಗೆ ಬಾಣಂತಿಯರು ತಮಗೆ ಏನೂ ಗೊತ್ತಿಲ್ಲ ಎಂಬುದನ್ನೇ ಮರೆತುಬಿಡುವ ಅಪಾಯವಿದೆ. ಈ ಕ್ಷೇತ್ರದಲ್ಲಿ ಹಿರಿಯಳೆನಿಸಿಕೊಂಡ ನಾನು, ಹೊಸದಾಗಿ ತಪಾಸಣೆಗೆ ಹೊರಡುವ ಸೊಸೆಯರು, ನಾದಿನಿಯರು, ಓರಗಿತ್ತಿಯರಿಗಾಗಿ ಈ ಸೂಚನೆಗಳನ್ನು ಬರೆದಿಡುತ್ತಿದ್ದೇನೆ.

ಮೊದಲನೆಯದು ಹೊತ್ತು. ಬೆಳಿಗ್ಗೆ ಬಾಣಂತಿಗೆ ಎಣ್ಣೆ ತಿಕ್ಕಿ ಎರೆಯುತ್ತಾರೆ, ಸಾಂಬ್ರಾಣಿ ಹೊಗೆ ಹಾಕುತ್ತಾರೆ, ಮಗುವಿಗೆ ಎರೆಯುತ್ತಾರೆ, ಮೆಣಸಿನ ಸಾರಿನ ಅನ್ನ ಉಣ್ಣಿಸುತ್ತಾರೆ. ಇದೆಲ್ಲ ಮುಗಿದು ಮಧ್ಯಾಹ್ನ ಎರಡರ ಸುಮಾರಿಗೆ ತಾಯಿಗೂ ಮಗುವಿಗೂ ಒಟ್ಟಿಗೇ ಕಣ್ಣು ಹತ್ತುತ್ತದೆ. ಹುಟ್ಟಿದ ಮಗು ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುವುದರಿಂದ ಇಂಥ ಮುಹೂರ್ತ ದಿನಕ್ಕೊಂದೇ ಕೂಡಿಬರುತ್ತದೆ. ಕಾಲಿಂಗ್ ಬೆಲ್ ಒತ್ತಬೇಕಾದದ್ದು ಎರಡೂ ಕಾಲಿಗೆ. ಬಾಗಿಲು ತೆಗೆದ ಅಜ್ಜಿ ‘ಈಗಷ್ಟೇ ಮಲಗಿದ್ಲು’ ಎಂದರೆ ‘ಎಬ್ಬಿಸಬೇಡಿ ಎಬ್ಬಿಸಬೇಡಿ’ ಎಂದು ಬಾಣಂತಿ ಕೋಣೆಯವರೆಗೆ ಕೇಳುವ ದನಿಯಲ್ಲಿ ಹೇಳಬೇಕು.

ಎರಡನೆಯದು ಹೊಸ್ತಿಲ ಮಾತು. ಇಲ್ಲಿ ‘ನಾರ್ಮಲ್ಲಾ, ಸಿಸೇರಿಯನ್ನಾ?’ ಎಂಬುದೇ ಪ್ರಮಾಣಭೂತ ಪ್ರಶ್ನೆ. ಉತ್ತರ ಯಾವುದಾದರೂ ನಮಗೆ ನಷ್ಟವಿಲ್ಲ. ಸಿಸೇರಿಯನ್ ಎಂದರೆ ‘ಹಾಗಾದ್ರೆ ನೋವೇ ತಿನ್ಲಿಲ್ಲ ಅನ್ನು’ ಎನ್ನಬೇಕು. ಹೊಟ್ಟೆ ಕೊಯ್ದು ಹೊಲಿಗೆ ಹಾಕಿಸಿಕೊಂಡು, ಕೆಮ್ಮು ಬಂದರೆ ದಿಂಬು ಒತ್ತಿ ಹಿಡಿದು ಕೆಮ್ಮುತ್ತಿರುವ ಹುಡುಗಿಗೆ ಇದರಿಂದ ತನ್ನ ಸ್ಥಾನ ತಿಳಿಯುತ್ತದೆ. ನಾರ್ಮಲ್ ಎಂದರೆ ‘ನಮ್ಮ ಕಾಲದಲ್ಲಿ ಹೆತ್ತು ಮೂರನೇ ದಿನಕ್ಕೆ ನೀರು ಸೇದ್ತಿದ್ವಿ’ ಎಂಬುದು ಸಾಕು. ಆಮೇಲೆ ಮಗುವಿನ ಕುಂಚಿಗೆ ಸರಿಸಿ ಕಿವಿಯ ಅಂಚು ನೋಡಿ ಮುಂದೆ ಬರುವ ಬಣ್ಣ ಹೇಳಬೇಕು. ಎಳೆಮಗುವಿನ ಬಣ್ಣ ನಿಲ್ಲಲು ಎಷ್ಟೋ ವಾರಗಳು ಬೇಕು ಎಂದು ಡಾಕ್ಟರುಗಳು ಹೇಳುತ್ತಾರೆ. ಅವರು ಕಾಯಬಲ್ಲರು. ನಮಗೆ ಐದೂವರೆಯ ಬಸ್ಸು ಇರುತ್ತದೆ.

ಇವೆಲ್ಲ ಅಂಗಳದ ಕೆಲಸ. ನಮ್ಮ ಶಾಸ್ತ್ರದ ಗರ್ಭಗುಡಿಯಲ್ಲಿರುವುದು ಒಂದೇ ಪ್ರಶ್ನೆ: ‘ಹಾಲು ಸಾಕಾಗ್ತಿದೆಯೇನಮ್ಮಾ?’

ಈ ಪ್ರಶ್ನೆಯ ಹೆಚ್ಚುಗಾರಿಕೆ ಏನೆಂದರೆ, ಇದಕ್ಕೆ ಬಾಣಂತಿಯ ಹತ್ತಿರ ಉತ್ತರವಿಲ್ಲ. ಎದೆಹಾಲಿಗೆ ಅಳತೆಯ ಗೆರೆ ಇರುವುದಿಲ್ಲ. ಎಷ್ಟು ಬಂತು, ಎಷ್ಟು ಹೋಯಿತು ಎಂದು ಯಾರಿಗೂ ಕಾಣುವುದಿಲ್ಲ. ಕಾಣುವುದು ಮಗು ಅಳುವುದೊಂದೇ. ಮಗು ಹಸಿವಿಗೂ ಅಳುತ್ತದೆ, ಸೆಕೆಗೂ ಅಳುತ್ತದೆ, ಒದ್ದೆಗೂ ಅಳುತ್ತದೆ, ಸುಮ್ಮನೆ ಎತ್ತಿಕೊಳ್ಳಲಿ ಎಂದೂ ಅಳುತ್ತದೆ. ತಪಾಸಣೆಗೆ ಬಂದವರು ಇವನ್ನೆಲ್ಲ ಒಂದೇ ಖಾತೆಗೆ ಬರೆದುಕೊಳ್ಳಬೇಕು.

ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ನಾನೇ ನಡೆಸಿಕೊಟ್ಟ ಒಂದು ಪ್ರಕರಣವನ್ನು ವಿವರಿಸುತ್ತೇನೆ. ಮೈಸೂರಿನಲ್ಲಿ ನನ್ನ ತಮ್ಮನ ಮಗಳು, ಚೊಚ್ಚಲ ಹೆರಿಗೆ. ಮಗು ಹುಟ್ಟಿದಾಗ 2.9 ಕಿಲೋ, ಆಸ್ಪತ್ರೆಯಿಂದ ಮನೆಗೆ ಬರುವಾಗ 2.7. ನಾನು ಹೋದದ್ದು ಒಂಬತ್ತನೆಯ ದಿನ. ಬಸ್ಸು ತಡವಾಗಿ ಎರಡೂ ಕಾಲರ ಮುಹೂರ್ತ ತಪ್ಪಿ ಸಂಜೆ ಆರಾಯಿತು. ಆದರೆ ಆದದ್ದು ಒಳ್ಳೆಯದಕ್ಕೇ. ಎಳೆಮಕ್ಕಳು ಸಂಜೆ ಹೊತ್ತು ಅರ್ಧ ಗಂಟೆಗೊಮ್ಮೆ, ಮುಕ್ಕಾಲು ಗಂಟೆಗೊಮ್ಮೆ ಎದೆ ಹುಡುಕುವುದು ಮಾಮೂಲು. ಅದು ಹಾಲಿಲ್ಲದ ಗುರುತಲ್ಲ, ಹಾಗೆ ಪದೇ ಪದೇ ಚೀಪಿಯೇ ಅವು ನಾಳೆಯ ಹಾಲನ್ನು ಇಂದೇ ಕೇಳಿಟ್ಟುಕೊಳ್ಳುತ್ತವೆ ಎಂದು ನರ್ಸುಗಳು ಹೇಳುತ್ತಾರೆ. ಬಾಣಂತಿಗೆ ಇದು ಗೊತ್ತಿರಲಿಲ್ಲ. ಕೋಣೆಯಲ್ಲಿ ಫ್ಯಾನು ಬಂದ್ ಮಾಡಿತ್ತು, ಅವಳ ಕಿವಿಯಲ್ಲಿ ಹತ್ತಿ ಇತ್ತು, ತಲೆಗೆ ಸ್ಕಾರ್ಫು ಇತ್ತು. ಒಂದು ಲೋಟ ನೀರು ಕೇಳಿದ್ದಕ್ಕೆ ಅವರ ದೊಡ್ಡಮ್ಮ ‘ಜಾಸ್ತಿ ನೀರು ಕುಡಿದ್ರೆ ಹೊಟ್ಟೆ ಬರುತ್ತೆ’ ಎಂದು ಅರ್ಧ ಲೋಟ ಕೊಟ್ಟಿದ್ದರು. ಒಟ್ಟಿನಲ್ಲಿ ನೆಲ ಹದವಾಗಿತ್ತು.

‘ಎಷ್ಟು ಹೊತ್ತಾಯ್ತಮ್ಮ ಹಾಲು ಕೊಟ್ಟು?’ ಎಂದೆ.

‘ಅರ್ಧ ಗಂಟೆ ಆಗಿರ್ಬೇಕು ಅತ್ತೆ.’

‘ಆಗ್ಲೇ ಮತ್ತೆ ಅಳ್ತಾ ಇದೆಯಲ್ಲ?’

ಇಲ್ಲಿ ಹೊಸಬರು ಆತುರಪಡುತ್ತಾರೆ. ಪಡಬಾರದು. ಮಗುವಿನ ತೊಡೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಬಿಟ್ಟು, ಅದರ ಅಜ್ಜಿಯ ಕಡೆ ಒಮ್ಮೆ ತಿರುಗಿ, ಆಮೇಲೆ ಕೇಳಬೇಕು.

‘ಹಾಲು ಸಾಕಾಗ್ತಿದೆಯೇನಮ್ಮಾ?’

ಅವಳು ಉತ್ತರ ಕೊಡಲಿಲ್ಲ. ‘ಮಗು ಇಳಿದುಹೋಗಿದೆ’ ಎಂದೂ ಸೇರಿಸಿದೆ. ಹುಟ್ಟಿದ ಮಗು ಮೊದಲ ಕೆಲವು ದಿನ ನೂರಕ್ಕೆ ಏಳರಷ್ಟು, ಕೆಲವೊಮ್ಮೆ ಹತ್ತರವರೆಗೂ ತೂಕ ಕಳೆದುಕೊಂಡು, ಹತ್ತರಿಂದ ಹದಿನಾಲ್ಕು ದಿನದೊಳಗೆ ಹುಟ್ಟಿದ ತೂಕಕ್ಕೆ ಮರಳುತ್ತದೆ ಎಂದು ಆಸ್ಪತ್ರೆಯವರು ಡಿಸ್ಚಾರ್ಜ್ ಮಾಡುವಾಗ ಹೇಳಿ ಕಳಿಸಿದ್ದರಂತೆ. ಆ ಲೆಕ್ಕದಲ್ಲಿ 2.7 ಎಂಬುದು ಸರಿಯಾಗಿಯೇ ಇತ್ತು. ಮೊದಲ ದಿನ ಮಗುವಿನ ಹೊಟ್ಟೆಗೆ ಹಿಡಿಸುವುದು ಒಂದು ಸಲಕ್ಕೆ ಟೀ ಚಮಚದಷ್ಟು ಎಂದೂ ಹೇಳಿದ್ದರಂತೆ. ಆದರೆ ಡಿಸ್ಚಾರ್ಜ್ ಕಾಗದ ಬೀರುವಿನಲ್ಲಿತ್ತು, ನಾನು ಮಂಚದ ಪಕ್ಕದಲ್ಲಿದ್ದೆ.

ಮುಂದಿನ ಕೆಲಸ ತಾನಾಗಿಯೇ ನಡೆಯಿತು. ರಾತ್ರಿ ಎಂಟಕ್ಕೆ ಅಳಿಯ ಮೆಡಿಕಲ್ ಶಾಪಿನಿಂದ ಹಾಲಿನ ಪುಡಿ ಡಬ್ಬಿ ತಂದ. ಮಗು ಅರವತ್ತು ಎಂಎಲ್ ಕುಡಿದು ನಾಲ್ಕು ಗಂಟೆ ಮಿಸುಕಾಡದೆ ಮಲಗಿತು. ‘ನೋಡಿದ್ರಾ, ಪಾಪ ಹಸಿವಾಗಿತ್ತು’ ಎಂದೆ. ಇಡೀ ಮನೆ ಒಪ್ಪಿತು. ಆ ನಾಲ್ಕು ಗಂಟೆಯಲ್ಲಿ ಬಾಣಂತಿಯ ಎದೆಯಲ್ಲಿ ಹಾಲು ಕಟ್ಟಿಕೊಂಡು, ಮುಟ್ಟಿದರೆ ಜೀವ ಹೋಗುವಷ್ಟು ನೋವಾಯಿತು. ಹಾಲಿಲ್ಲದವಳಿಗೆ ಹಾಲು ಕಟ್ಟಿಕೊಂಡದ್ದು ಹೇಗೆ ಎಂದು ಯಾರೂ ಕೇಳಲಿಲ್ಲ. ಇಂಥ ಕಡೆ ಮೌನವಾಗಿರುವುದೂ ಅನುಭವದ ಲಕ್ಷಣ. ಮಾರನೆಯ ದಿನ ಎರಡು ಬಾಟಲಿ, ಅದರ ಮಾರನೆಯ ದಿನ ಮೂರು.

ವಿಷಯ ತಿಳಿದವರು ಹೇಳುವುದು ಇಷ್ಟು: ಎದೆಹಾಲು ಮಗು ಚೀಪಿ ಖಾಲಿ ಮಾಡಿದಷ್ಟೂ ಬರುತ್ತದೆ, ಖಾಲಿಯಾಗದೆ ಉಳಿದರೆ ‘ಇಷ್ಟು ಬೇಡ’ ಎಂದುಕೊಂಡು ಮೈ ತಯಾರಿ ತಗ್ಗಿಸುತ್ತದೆ. ಬಾಟಲಿ ಹೆಚ್ಚಿದ ಹಾಗೆ ಚೀಪುವುದು ಕಡಿಮೆ, ಚೀಪುವುದು ಕಡಿಮೆಯಾದ ಹಾಗೆ ಹಾಲು ಕಡಿಮೆ. ಮೂರನೆಯ ದಿನದ ಸಂಜೆ ಬಾಣಂತಿ ತಾನಾಗಿಯೇ ‘ಅತ್ತೆ, ನೀವು ಹೇಳಿದ್ದೇ ಸರಿ, ನಿಜವಾಗ್ಲೂ ಹಾಲು ಕಮ್ಮಿ ಆಗಿದೆ’ ಎಂದಳು. ಜ್ಯೋತಿಷ್ಯ, ಹವಾಮಾನ, ಷೇರು ಮಾರುಕಟ್ಟೆ, ಯಾವುದನ್ನೇ ತೆಗೆದುಕೊಳ್ಳಿ. ಭವಿಷ್ಯ ಹೇಳಿದ ಮಾತ್ರಕ್ಕೇ ಅದು ನಿಜವಾಗುವ ಶಾಸ್ತ್ರ ನಮ್ಮದೊಂದೇ.

ಇನ್ನೊಂದು ಸಂಗತಿಯನ್ನು ಹೆಮ್ಮೆಯಿಂದಲೇ ದಾಖಲಿಸಬೇಕು. ಹಸುಗೂಸುಗಳ ಡಬ್ಬಿ ಹಾಲಿಗೆ ಜಾಹೀರಾತು ಮಾಡಬಾರದು, ತಾಯಂದಿರಿಗೆ ಮಾದರಿ ಡಬ್ಬಿ ಹಂಚಬಾರದು ಎಂದು ಭಾರತದಲ್ಲಿ 1992ರಲ್ಲೇ ಕಾನೂನು ಆಗಿದೆ. ಟೀವಿಯಲ್ಲಿ ಸೋಪಿನ ಜಾಹೀರಾತು ಬರುತ್ತದೆ, ಚಿಕ್ಕ ಮಕ್ಕಳ ಹಾಲಿನ ಪುಡಿಯದು ಬರುವುದಿಲ್ಲ. ಕಾನೂನಿನ ಕೈ ಕಂಪನಿಗಳನ್ನು ಹೀಗೆ ಕಟ್ಟಿಹಾಕಿರುವಾಗ, ಅದೇ ಕೆಲಸವನ್ನು ಮನೆಮನೆಗೆ ಹೋಗಿ, ಬಸ್ ಚಾರ್ಜು ಕೂಡ ಕೇಳದೆ, ಮಂಚದ ಪಕ್ಕದಲ್ಲೇ ಕೂತು ಮಾಡಿಕೊಡುತ್ತಿರುವವರು ನಾವು.

ಹಾಗೆಂದು ನಮ್ಮದು ಡಬ್ಬಿಯ ಪಕ್ಷ ಎಂದು ತಿಳಿಯಬಾರದು. ಕೆಲವು ಬಾಣಂತಿಯರಿಗೆ ನಿಜವಾಗಿಯೂ ಹಾಲು ಸಾಲದೆ, ಅಥವಾ ಯಾವುದೋ ಕಾಯಿಲೆಯ ಕಾರಣಕ್ಕೆ, ಡಾಕ್ಟರೇ ಪುಡಿ ಹಾಲು ಬರೆದುಕೊಟ್ಟಿರುತ್ತಾರೆ. ಅಂಥ ಮನೆಯಲ್ಲಿ ಬಾಟಲಿ ಕಣ್ಣಿಗೆ ಬಿದ್ದ ಕೂಡಲೇ ಪಕ್ಷ ಬದಲಿಸಿ, ‘ಅಯ್ಯೋ, ಎದೆಹಾಲು ಕೊಡಲ್ವಾ? ಅಮೃತ ಕಣೇ ಅದು!’ ಎನ್ನಬೇಕು. ತತ್ವ ಯಾವುದಾದರೂ ಆಗಬಹುದು, ಬಾಣಂತಿ ಮಾಡುತ್ತಿರುವುದಕ್ಕೆ ಅದು ವಿರುದ್ಧವಾಗಿದ್ದರೆ ಸಾಕು.

ಇಷ್ಟು ಚೆನ್ನಾಗಿ ಸಾಗುತ್ತಿದ್ದ ಪ್ರಕರಣ ಹನ್ನೆರಡನೆಯ ದಿನ ಕೆಟ್ಟಿತು. ಕೆಡಿಸಿದ್ದು ಎದುರು ಮನೆಯಾಕೆ. ಆಕೆ ಮಾಡಿದ್ದನ್ನೆಲ್ಲ ಎಚ್ಚರಿಕೆಗಾಗಿ ಒಂದೊಂದೇ ಹೇಳುತ್ತೇನೆ, ಯಾರೂ ಅನುಸರಿಸಬಾರದು.

ಆಕೆ ಮೊದಲು ಬಾಗಿಲ ಹತ್ತಿರ ನಿಂತು, ‘ಎದ್ದಿದ್ದಾಳಾ? ಮಲಗಿದ್ರೆ ಇದನ್ನ ಕೊಟ್ಟು ಹೋಗ್ತೀನಿ’ ಎಂದಳು. ಕೈಯಲ್ಲಿ ಸ್ಟೀಲ್ ಡಬ್ಬಿ ಇತ್ತು. ಒಳಗೆ ಬೇಳೆ ಹಾಕಿದ ಸಬ್ಬಸಿಗೆ ಸೊಪ್ಪಿನ ಪಲ್ಯ, ಅದೂ ಮನೆಯವರಿಗೆಲ್ಲ ಸಾಲುವಷ್ಟು. ಡಬ್ಬಿ ತೊಳೆದು ವಾಪಸು ಕೊಡಬೇಕಾಗಿಲ್ಲ, ನಾಳೆ ತಾನೇ ಬಂದು ಒಯ್ಯುತ್ತೇನೆ ಎಂದಳು. ಆಮೇಲೆ ನೇರ ಬಚ್ಚಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದಳು. ಮಗುವನ್ನು ಎತ್ತಿಕೊಳ್ಳಲಿಲ್ಲ, ಮುತ್ತಿಡಲಿಲ್ಲ, ದೂರದಿಂದಲೇ ನೋಡಿ ‘ಎಷ್ಟು ಮುದ್ದಾಗಿದೆ’ ಎಂದಳು. ಯಾರ ಹಾಗಿದೆ ಎಂದು ತೀರ್ಪು ಕೊಡಲಿಲ್ಲ. ಕಿವಿ ನೋಡಲೇ ಇಲ್ಲ.

ನಂತರ ಮಂಚದ ಕೆಳಗೆ ಚಾಪೆಯ ಮೇಲೆ ಕೂತು ಬಾಣಂತಿಯನ್ನು ‘ನೀನು ಹೇಗಿದ್ದೀಯ?’ ಎಂದು ಕೇಳಿದಳು. ಕೇಳಿ, ಸುಮ್ಮನೆ ಕಾದಳು. ಇದು ಕಲಿಯದವರು ಮಾಡುವ ತಪ್ಪು. ಪ್ರಶ್ನೆ ಕೇಳಿದ ಮೇಲೆ ಉತ್ತರ ಬರುವಷ್ಟು ಜಾಗ ಬಿಟ್ಟರೆ ಉತ್ತರ ಬಂದೇಬರುತ್ತದೆ.

ಬಂದೂ ಬಂತು. ಹುಡುಗಿ ಅಳಲು ಶುರುಮಾಡಿದಳು. ‘ನಂಗೆ ಹಾಲೇ ಇಲ್ವಂತೆ ಅಕ್ಕ. ಮಗೂಗೆ ಹೊಟ್ಟೆ ತುಂಬ್ಸೋಕೂ ನನ್ ಕೈಲಿ ಆಗ್ತಿಲ್ಲ.’

ಈ ಜಾಗದಲ್ಲಿ ನನ್ನ ಬಾಯಲ್ಲಿ ಬೆಳ್ಳುಳ್ಳಿ, ಮೆಂತ್ಯ, ಅಂಟಿನುಂಡೆ, ಕೊಬ್ಬರಿ ಇಷ್ಟೂ ಸಿದ್ಧವಾಗಿದ್ದವು. ಎದುರು ಮನೆಯಾಕೆ ಒಂದನ್ನೂ ಹೇಳಲಿಲ್ಲ. ‘ಹಾಗೆ ಅನ್ನಿಸಿಕೊಂಡ್ರೆ ಯಾರಿಗಾದ್ರೂ ಸಂಕಟ ಆಗತ್ತೆ ಕಣೆ’ ಎಂದಳು. ‘ಇಷ್ಟು ದಿನ ನಿದ್ದೆ ಇಲ್ದೆ ಅದನ್ನ ನೋಡ್ಕೊಂಡಿದ್ದೀಯಲ್ಲ, ಅದು ಸಣ್ಣದಲ್ಲ.’ ನನಗೆ ನಗು ಬಂತು. ಹುಡುಗಿ ನಿದ್ದೆ ಇಲ್ಲದೆ ನೋಡಿಕೊಂಡದ್ದು ಅವಳಿಗೇ ಗೊತ್ತಿರುವ ಸಂಗತಿ. ಗೊತ್ತಿರುವುದನ್ನೇ ಹೇಳಿ ಏನು ಪ್ರಯೋಜನ? ಆದರೆ ಈ ಕೆಲಸಕ್ಕೆ ಬಾರದ ಮಾತಿಗೆ ಹುಡುಗಿ ಮೂಗೊರೆಸಿಕೊಂಡು ನೆಟ್ಟಗೆ ಕೂತಳು.

‘ಅಳಬಾರದು, ಬಾಣಂತಿ ಕಣ್ಣೀರು ಹಾಕಿದ್ರೆ ಕಣ್ಣಿಗೆ ಕೆಟ್ಟದ್ದು’ ಎಂದು ನಾನು ಮಧ್ಯೆ ಪ್ರವೇಶಿಸಿದೆ. ಆಕೆ ನನ್ನ ಮಾತಿಗೆ ಎದುರಾಡಲಿಲ್ಲ. ‘ಅಳು ಬಂದ್ರೆ ಅತ್ತುಬಿಡು, ನಾವಿದ್ದೀವಲ್ಲ’ ಎಂದು ಹುಡುಗಿಗೆ ಹೇಳಿ, ‘ಅಮ್ಮ, ನಿಮ್ಗೆ ಕಾಫಿ ಮಾಡಿಕೊಂಡು ಬರ್ಲಾ?’ ಎಂದು ನನ್ನನ್ನು ಕೇಳಿದಳು. ಕಾಫಿ ಬೇಡವೆನ್ನಲು ಆಗುವುದಿಲ್ಲ. ಆಕೆ ಒಳಗೆ ಹೋದವಳು ಕಾಫಿಯ ಜೊತೆಗೆ ಒಂದು ದೊಡ್ಡ ಚೊಂಬು ನೀರನ್ನೂ ತಂದು, ಯಾರನ್ನೂ ಕೇಳದೆ, ಏನನ್ನೂ ಹೇಳದೆ, ಬಾಣಂತಿಯ ಕೈಗೆ ಎಟುಕುವಲ್ಲಿ ಇಟ್ಟಳು. ಹಾಲೂಡಿಸುವವರಿಗೆ ಬಾಯಾರಿಕೆ ಹೆಚ್ಚು ಎಂಬ ಭಾಷಣವಾದರೂ ಜೊತೆಗಿದ್ದಿದ್ದರೆ ಅದನ್ನು ಸಲಹೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಬಹುದಿತ್ತು.

ಆಮೇಲೆ ಆಕೆ ಕೇಳಿದ ಒಂದು ಪ್ರಶ್ನೆಯಲ್ಲೇ ನನ್ನ ಮೂರು ದಿನದ ಕಟ್ಟಡ ಕುಸಿಯಿತು. ‘ಆಸ್ಪತ್ರೆ ನರ್ಸಿಗೆ ಫೋನ್ ಹಚ್ಚಿ ಕೊಡ್ಲಾ? ನೀನೇ ಮಾತಾಡು. ಬೇಡ ಅಂದ್ರೆ ಬೇಡ.’

ಹುಡುಗಿ ಹೂಂ ಎಂದಳು. ನರ್ಸು ಫೋನಿನಲ್ಲಿ ಮಗು ಎಷ್ಟು ಅತ್ತಿತು ಎಂದು ಕೇಳಲೇ ಇಲ್ಲ. ಡಬ್ಬಿ ತರುವ ಮುಂಚೆ ದಿನಕ್ಕೆ ಎಷ್ಟು ಬಟ್ಟೆ ಒದ್ದೆಯಾಗುತ್ತಿತ್ತು ಎಂದು ಕೇಳಿದಳು. ಬಟ್ಟೆ ಒಗೆಯುವ ಅಜ್ಜಿಗೆ ಲೆಕ್ಕ ಗೊತ್ತಿತ್ತು: ಏಳೆಂಟು. ಐದನೆಯ ದಿನದ ನಂತರ ಆರು ಅಥವಾ ಹೆಚ್ಚು ಸಲ ಚೆನ್ನಾಗಿ ಒದ್ದೆ ಮಾಡುತ್ತಿದ್ದು, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥವಂತೆ. ಒದ್ದೆ ಅದಕ್ಕಿಂತ ಕಡಿಮೆಯಾದರೆ, ಉಚ್ಚೆ ಗಾಢ ಹಳದಿಯಾದರೆ, ಮಗು ಹಾಲಿಗೂ ಏಳದೆ ಮಂಕಾಗಿ ಮಲಗಿದರೆ, ಎರಡು ವಾರವಾದರೂ ಹುಟ್ಟಿದ ತೂಕಕ್ಕೆ ಬಾರದಿದ್ದರೆ, ಆಗ ಡಾಕ್ಟರ ಹತ್ತಿರ ಒಯ್ಯಬೇಕಂತೆ. ಪ್ರತಿ ಸಲ ಮೊದಲು ಎದೆಗೆ ಹಾಕು, ಬಾಟಲಿಯನ್ನು ಒಂದೊಂದಾಗಿ ಕಡಿಮೆ ಮಾಡು, ನಾಡಿದ್ದು ತೂಕಕ್ಕೆ ಕರೆದುಕೊಂಡು ಬಾ ಎಂದು ನರ್ಸು ಫೋನಿಟ್ಟಳು. ಈ ಶಾಸ್ತ್ರವನ್ನು ನಾನು ಇಷ್ಟು ಕಾಲದಿಂದ ಅಭ್ಯಾಸ ಮಾಡುತ್ತಿದ್ದೇನೆ, ಒದ್ದೆ ಬಟ್ಟೆ ಎಣಿಸುವಂಥ ಕೀಳು ವಿಧಾನಕ್ಕೆ ಎಂದೂ ಇಳಿದಿಲ್ಲ.

ಎದುರು ಮನೆಯಾಕೆ ಒಟ್ಟು ಇದ್ದದ್ದು ಅರ್ಧ ಗಂಟೆ. ಹೋಗುವ ಮುಂಚೆ ಒಣಗಿದ ಬಟ್ಟೆಗಳನ್ನು ಮಡಿಸಿಟ್ಟಳು. ಮೆಟ್ಟಿಲಿಳಿಯುವಾಗ ಅಳಿಯನನ್ನು ಕರೆದು ಮೆಲ್ಲಗೆ ಏನೋ ಹೇಳಿದಳು. ಮೆಲ್ಲಗೆ ಹೇಳಿದ ಮಾತನ್ನು ಕೇಳಿಸಿಕೊಳ್ಳುವುದು ನಮ್ಮ ತರಬೇತಿಯ ಭಾಗವಾದ್ದರಿಂದ ನನಗೆ ಅಷ್ಟೂ ಕೇಳಿಸಿತು. ಹೆತ್ತ ಮೂರು ನಾಲ್ಕನೆಯ ದಿನದಿಂದ ಹೀಗೆ ಕಾರಣವಿಲ್ಲದೆ ಅಳು ಬರುವುದು ಬಹಳ ಜನಕ್ಕೆ ಇರುತ್ತದೆ, ಜೊತೆಗಿದ್ದು ನಿದ್ದೆಗೆ ಬಿಟ್ಟರೆ ಸಾಮಾನ್ಯವಾಗಿ ಎರಡು ವಾರದೊಳಗೆ ಹೋಗುತ್ತದೆ. ಹೋಗದೆ ಹೆಚ್ಚಾದರೆ ಡಾಕ್ಟರಿಗೆ ತೋರಿಸು. ಮಗು ಮಲಗಿದರೂ ಇವಳಿಗೆ ನಿದ್ದೆ ಬಾರದಿದ್ದರೆ, ಮಗು ತನ್ನದಲ್ಲ ಎನ್ನುವ ಹಾಗೆ ಮಾತಾಡಿದರೆ, ಬದುಕುವುದೇ ಬೇಡ ಎಂದರೆ, ಆಗ ಸಮಾಧಾನ ಹೇಳುತ್ತಾ ಕೂರಬೇಡ, ಅವತ್ತೇ ಕರೆದುಕೊಂಡು ಹೋಗು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಅಗಲಿಸದೆ ಒಟ್ಟಿಗೇ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗವೇ ಇದೆ ಎಂದೂ ಹೇಳಿದಳು. ನಮ್ಮ ಪದ್ಧತಿಯಲ್ಲಿ ಇಂಥವನ್ನು ‘ದೃಷ್ಟಿ’ ಎಂದು ಒಂದೇ ಮಾತಿನಲ್ಲಿ ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತೇವೆ.

ಅವತ್ತು ಮಧ್ಯಾಹ್ನ ಆ ಹುಡುಗಿ ಫ್ಯಾನು ಹಾಕಿಸಿಕೊಂಡು ಎರಡೂವರೆ ಗಂಟೆ ಮಲಗಿದಳು. ಮಂಚದ ಪಕ್ಕದಲ್ಲಿ ನಾನು ಹೇಳಬೇಕೆಂದು ಇಟ್ಟುಕೊಂಡದ್ದೆಲ್ಲ ಹಾಗೇ ಉಳಿಯಿತು. ಬದನೆಕಾಯಿ ನಂಜು, ಆಲೂಗಡ್ಡೆ ವಾಯು, ಮಗುವಿಗೆ ನಾಲಿಗೆ ತಿರುಗಲಿ ಎಂದು ಜೇನುತುಪ್ಪ. ಜೇನುತುಪ್ಪದ ವಿಚಾರವನ್ನು ಮಾತ್ರ ಅಜ್ಜಿಯ ಕಿವಿಗೆ ಹಾಕಿದೆ. ಒಂದು ವರ್ಷದೊಳಗಿನ ಮಗುವಿಗೆ ಅದರಿಂದ ಅಪಾಯ, ಕೊಡಲೇಬಾರದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದಾರೆ ಎಂದು ಅವರೂ ಕೈ ಅಲ್ಲಾಡಿಸಿದರು. ಒಂದು ಕಾಲದಲ್ಲಿ ನನ್ನ ಬಲಗೈಯಾಗಿದ್ದ ಹೆಂಗಸು.

ಹದಿನಾಲ್ಕನೆಯ ದಿನ ಆಸ್ಪತ್ರೆಯ ತಕ್ಕಡಿಯಲ್ಲಿ ಮಗು 2.95 ಕಿಲೋ ತೂಗಿತು. ತಿಂಗಳು ತುಂಬುವ ಹೊತ್ತಿಗೆ ಬಾಟಲಿಗಳು ಪೂರ್ತಿ ನಿಂತು, ಡಬ್ಬಿಯಲ್ಲಿ ಈಗ ಸಾಸಿವೆ ಇದೆಯಂತೆ. ಈ ಯಶಸ್ಸು ನಾನು ಆಗಾಗ ಫೋನಿನಲ್ಲಿ ಹೇಳುತ್ತಿದ್ದ ಬೆಳ್ಳುಳ್ಳಿಯದು ಎಂದು ಬಂಧುಬಳಗದಲ್ಲೆಲ್ಲ ತಿಳಿಸಿದ್ದೇನೆ, ಯಾರೂ ಅಲ್ಲಗಳೆದಿಲ್ಲ. ಮುಂದಿನ ವಾರ ಮಗುವಿಗೆ ಮೂರು ತಿಂಗಳು ತುಂಬುತ್ತದೆ. ಬೋರಲು ಬೀಳಲು ನಾಲ್ಕೋ ಐದೋ ತಿಂಗಳು ಹಿಡಿಯುವುದು ಮಾಮೂಲಾದ್ದರಿಂದ, ‘ಏನಮ್ಮಾ, ಇನ್ನೂ ಬೋರಲು ಬಿದ್ದಿಲ್ವಾ?’ ಎಂದು ಕೇಳಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಮಧ್ಯಾಹ್ನ ಎರಡೂ ಕಾಲಿಗೆ ತಲುಪುವ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ. ಜೊತೆಗೆ ಕಲಿಯಲು ಬರುವವರಿದ್ದರೆ ಪಕ್ಕದ ಸೀಟು ಇನ್ನೂ ಖಾಲಿ ಇದೆ.